ಅಪ್‌ಡೇಟ್: ಸ್ಕ್ರೀನ್‌ಶಾಟ್‌ಗಳಿಂದ ಸಿಜಿಪಿಎ ಲೆಕ್ಕ

ನನ್ನ ಪ್ರಶ್ನೆ: ಮೂರು ಸೆಮಿಸ್ಟರ್‌ಗಳ ಫಲಿತಾಂಶದ ಸ್ಕ್ರೀನ್‌ಶಾಟ್‌ಗಳಿವೆ, ಅಂಕಗಳನ್ನು ತೆಗೆದು ಸಿಜಿಪಿಎ ಲೆಕ್ಕ ಹಾಕುವುದು ಹೇಗೆ?

ಅಪ್‌ಡೇಟ್: ಚಿತ್ರದಿಂದ ಅಕ್ಷರ ಓದುವ ಓಸಿಆರ್ ತಂತ್ರಾಂಶದಿಂದ ಪ್ರತಿ ವಿಷಯದ ಕ್ರೆಡಿಟ್ ಮತ್ತು ಗ್ರೇಡ್ ಪಾಯಿಂಟ್‌ಗಳನ್ನು ಹಾಳೆಗೆ ಇಳಿಸಿ, ಅವುಗಳಿಂದ ಆಯಾ ಸೆಮಿಸ್ಟರ್‌ನ ಸರಾಸರಿಯಾದ ಎಸ್‌ಜಿಪಿಎಯನ್ನು ಮರಳಿ ಲೆಕ್ಕ ಹಾಕಿ, ಚಿತ್ರದಲ್ಲೇ ಮುದ್ರಿತವಾಗಿರುವ ಎಸ್‌ಜಿಪಿಎಯೊಂದಿಗೆ ಹೋಲಿಸಿದೆ. ಮೊದಲ ಸೆಮಿಸ್ಟರ್‌ನಲ್ಲಿ 8.10 ಬರಬೇಕಾದಲ್ಲಿ 7.80 ಬಂದಿತು. 20 ಕ್ರೆಡಿಟ್‌ಗಳಿಗೆ 0.30 ಕಡಿಮೆಯೆಂದರೆ ಒಟ್ಟು 6 ಪಾಯಿಂಟ್‌ಗಳ ಕೊರತೆ. ಹುಡುಕಿದಾಗ, 3 ಕ್ರೆಡಿಟ್‌ನ ವಿಷಯವೊಂದರ 8 ಎಂಬ ಅಂಕಿಯನ್ನು ತಂತ್ರಾಂಶವು 6 ಎಂದು ಓದಿದ್ದು ತಿಳಿಯಿತು. ಈ ತಾಳೆ ನೋಡದೆ ಮುಂದುವರಿಯುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ.

ನಂತರದ ಲೆಕ್ಕ ಸುಲಭ, ಆದರೆ ಎಸ್‌ಜಿಪಿಎಗಳ ನೇರ ಸರಾಸರಿ ಸಲ್ಲದು; ಪ್ರತಿ ಎಸ್‌ಜಿಪಿಎಯನ್ನು ಆ ಸೆಮಿಸ್ಟರ್‌ನ ಕ್ರೆಡಿಟ್‌ಗಳಿಂದ ಗುಣಿಸಿ, ಮೊತ್ತವನ್ನು ಒಟ್ಟು ಕ್ರೆಡಿಟ್‌ಗಳಿಂದ ಭಾಗಿಸಬೇಕು:

```
(20×8.10 + 24×7.50 + 18×9.00) / 62 = 504 / 62 = 8.13
```

ನೇರ ಸರಾಸರಿಯಾದರೆ 8.20 ಬರುತ್ತಿತ್ತು, ಹೆಚ್ಚು ಕ್ರೆಡಿಟ್‌ಗಳಿದ್ದ ಸೆಮಿಸ್ಟರ್‌ನಲ್ಲೇ ಪಾಯಿಂಟ್ ಕಡಿಮೆಯಿದ್ದುದು ಈ ವ್ಯತ್ಯಾಸಕ್ಕೆ ಕಾರಣ.