ಸಹಾಯ ಬೇಕು: ಕ್ರಯಪತ್ರದ ಇಂಗ್ಲಿಷ್ ಅನುವಾದದಲ್ಲಿ 'ಬಿ ಖರಾಬು'

ನಮಸ್ಕಾರ. ಇಂಗ್ಲೆಂಡಿನಲ್ಲಿರುವ ತಮ್ಮನಿಗೆ ಅಲ್ಲಿನ ಬ್ಯಾಂಕ್ ಸಾಲಕ್ಕಾಗಿ ನಮ್ಮ ಜಮೀನಿನ ಶುದ್ಧ ಕ್ರಯಪತ್ರದ ಇಂಗ್ಲಿಷ್ ಅನುವಾದ ಬೇಕು. ಒಬ್ಬರು ಮಾಡಿಕೊಟ್ಟರು. 'ಶುದ್ಧ ಕ್ರಯ'ವನ್ನು 'ಪ್ಯೂರ್ ಸೇಲ್' ಎಂದಿದ್ದಾರೆ. ಅದು 'ಆಬ್ಸಲ್ಯೂಟ್ ಸೇಲ್' ಆಗಬೇಕು, ಅಲ್ವಾ?

ಹೆಚ್ಚು ಚಿಂತೆ ಖರಾಬಿನದು. ಪತ್ರದಲ್ಲಿ 1 ಎಕರೆ 10 ಗುಂಟೆ, ಅದರಲ್ಲಿ 4 ಗುಂಟೆ ಬಿ ಖರಾಬು. ಅನುವಾದದಲ್ಲಿ ಸುಮ್ನೆ 'ವೇಸ್ಟ್ ಲ್ಯಾಂಡ್' ಎಂದಿದೆ. ಬಿ ಖರಾಬು ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ. ಹೀಗೆ ಬರೆದರೆ ಬ್ಯಾಂಕಿನವರು 50 ಗುಂಟೆಯೂ ನಮ್ಮದೇ ಎಂದುಕೊಳ್ಳುತ್ತಾರೆ. ನಮ್ಮದು 46 ಮಾತ್ರ.

'ಬಿ ಖರಾಬು', 'ಚಕ್ಕುಬಂದಿ' ಪದಗಳನ್ನು ಹಾಗೇ ಇಂಗ್ಲಿಷ್ ಲಿಪಿಯಲ್ಲಿ ಬರೆದು, ವಿವರಣೆಯನ್ನು ಅನುವಾದಕರ ಟಿಪ್ಪಣಿಯಾಗಿ ಕೆಳಗೆ ಕೊಡಬೇಕೆಂದಿದ್ದೇನೆ. ಮೂಲದೊಳಗೆ ಸೇರಿಸಿದರೆ ಪತ್ರದ ಮಾತೇ ಬದಲಾದಂತೆ. ಈ ಕೆಲಸ ಮಾಡಿದ ವಕೀಲರು, ಅನುವಾದಕರು ಇದ್ದರೆ ದಯವಿಟ್ಟು ತಿಳಿಸಿ.