ಸಹಾಯ ಬೇಕು: ಇನ್‌ಸ್ಟಾಗ್ರಾಂನವರನ್ನು ವಾಟ್ಸಾಪ್ ಬ್ರಾಡ್‌ಕಾಸ್ಟ್‌ಗೆ ಸೇರಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಶಿರಸಿ ಸಮೀಪದ ನಮ್ಮ ಮನೆಯಲ್ಲಿ ಜೋನಿ ಬೆಲ್ಲ, ತೊಡದೇವು ಹಾಗೂ ಅಪ್ಪೆಮಿಡಿ ಉಪ್ಪಿನಕಾಯಿ ತಯಾರಿಸಿ ಮಾರುತ್ತೇವೆ. ಹೊಸ ಮಾಲು ಬಂದಾಗ ತಿಳಿಸಲೆಂದು ಇನ್‌ಸ್ಟಾಗ್ರಾಂ ಪುಟದಲ್ಲಿ wa.me ಲಿಂಕ್ ಹಾಕಿದ್ದು, ಅದನ್ನು ಒತ್ತಿದರೆ "ಅಪ್ಪೆಮಿಡಿ ಬಂದಾಗ ತಿಳಿಸಿ" ಎಂಬ ಸಂದೇಶ ಸಿದ್ಧವಾಗಿ ತೆರೆದುಕೊಳ್ಳುತ್ತದೆ. ಅದನ್ನು ತಾವಾಗಿಯೇ ಕಳುಹಿಸಿದವರನ್ನು ಮಾತ್ರ ಪಟ್ಟಿಗೆ ಸೇರಿಸುತ್ತೇನೆ. ಆರ್ಡರ್ ಕೊಟ್ಟವರ ನಂಬರುಗಳನ್ನು ಕೇಳದೆ ಸೇರಿಸುವುದು ನನಗೆ ಸರಿ ಕಾಣುವುದಿಲ್ಲ.

ತೊಡಕು ಇರುವುದು ಇಲ್ಲಿ. ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ತಲುಪುತ್ತದೆ. ಮೊದಲ ಉತ್ತರದಲ್ಲೇ ಸೇವ್ ಮಾಡಲು ವಿನಂತಿಸಿ, "ಬೇಡವಾದಾಗ 'ಸಾಕು' ಎಂದು ಬರೆಯಿರಿ" ಎಂದೂ ತಿಳಿಸುತ್ತೇನೆ. ಆದರೂ ಸಂದೇಶದ ಮಾಹಿತಿ ತೆರೆದು ನೋಡಿದರೆ ಹಲವರಿಗೆ ತಲುಪಿದ ಗುರುತೇ ಇರುವುದಿಲ್ಲ. ಅವರು ಸೇವ್ ಮಾಡಿಲ್ಲವೋ, ಬ್ಲಾಕ್ ಮಾಡಿದ್ದಾರೋ ಅಷ್ಟರಿಂದ ತಿಳಿಯದು. ಒಬ್ಬೊಬ್ಬರಿಗೇ ಬೇರೆಯಾಗಿ ಬರೆದು ಎರಡು ಟಿಕ್ ಬಂದರೆ ಬ್ಲಾಕ್ ಮಾಡಿಲ್ಲವೆಂದು ತಿಳಿಯುತ್ತದೆ ನಿಜ, ಆದರೆ ಆ ವಿಚಾರಣೆಯೇ ಕಿರಿಕಿರಿಯಾಗಿ ಅವರು ರಿಪೋರ್ಟ್ ಮಾಡಿದರೆ ನಂಬರಿಗೇ ಕುತ್ತು. ಒಂದು ಪಟ್ಟಿಗೆ 256 ಜನರ ಮಿತಿಯಿರುವುದರಿಂದ, ತಲುಪದವರನ್ನು ಸುಮ್ಮನೆ ಇಟ್ಟುಕೊಳ್ಳುವುದೂ ವ್ಯರ್ಥ. ಚಾನೆಲ್ ತೆರೆದರೆ ಸೇವ್ ಮಾಡುವ ಗೋಜಿಲ್ಲ. ಆದರೆ ಅಲ್ಲಿ ಗಿರಾಕಿಗಳು ನೇರವಾಗಿ ಉತ್ತರಿಸಿ ಆರ್ಡರ್ ಕೊಡಲಾಗದು.

ಇಂಥ ಪಟ್ಟಿ ನಡೆಸುತ್ತಿರುವವರು ದಯವಿಟ್ಟು ತಿಳಿಸಿ: ಸಂದೇಶ ತಲುಪದವರಿಗೆ ಒಮ್ಮೆ ವೈಯಕ್ತಿಕವಾಗಿ ನೆನಪಿಸುವುದು ಸರಿಯೇ, ಅಥವಾ ಏನೂ ಕೇಳದೆ ಪಟ್ಟಿಯಿಂದ ತೆಗೆಯಬೇಕೇ? ನೆನಪಿಸುವುದಾದರೆ ಯಾವ ಮಾತುಗಳಲ್ಲಿ ಬರೆಯುತ್ತೀರಿ?