ಅಪ್‌ಡೇಟ್: ಡೊಂಬಿವಲಿ ಅಡುಗೆಮನೆಯ ವಿಡಿಯೊ

"ಫೋನ್ ಒಂದರಲ್ಲೇ ಅಡುಗೆ ವಿಡಿಯೊ ಮಾಡ್ತೀನಿ. ದನಿ ಬಾವಿಯೊಳಗಿಂದ ಬಂದ ಹಾಗಿದೆ, ಏನು ಮಾಡಲಿ?" ಅಂತ ಕೇಳಿದ್ದೆ.

ಮೈಕ್ ಕೊಳ್ಳಲಿಲ್ಲ. ಫೋನ್ ಆರಡಿ ದೂರವಿದ್ದದ್ದೇ ತಪ್ಪು. ಟೈಲ್ಸಿಗೆ ಬಡಿದು ಬಂದ ದನಿಯೇ ಹೆಚ್ಚು ಸೇರ್ತಿತ್ತು. ಈಗ ಅಮ್ಮನ ಹಳೇ ಫೋನಿನಲ್ಲಿ ರೆಕಾರ್ಡರ್ ಆನ್ ಮಾಡಿ, ಬಾಯಿಂದ ಒಂದಡಿಯಲ್ಲಿ, ಸಾಸಿವೆ ಡಬ್ಬಿ ಹಿಂದೆ ಅಡಗಿಸ್ತೀನಿ. (ಜೇಬಿನಲ್ಲಿಟ್ಟು ನೋಡಿದೆ, ಬರೀ ಬಟ್ಟೆಯ ಸರಸರ.) ಶುರುವಿಗೆ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ. ಎಡಿಟ್ ಮಾಡುವಾಗ ಹಳೇ ಫೋನಿನ ಆಡಿಯೊ ಗೆರೆಯಲ್ಲಿ ಆ ಸದ್ದಿನ ಮೊನೆಯನ್ನು ಕೈ ಕೂಡುವ ಫ್ರೇಮಿಗೆ ಹೊಂದಿಸಿ, ಕ್ಯಾಮೆರಾದ ಆಡಿಯೊ ಮ್ಯೂಟ್. ಒಂದೇ ಉದ್ದ ಟೇಕ್ ತೆಗೆದರೆ ಕೊನೆಗೆ ತುಟಿಗೂ ಮಾತಿಗೂ ತಾಳೆ ತಪ್ಪಬಹುದು. ಮೂರ್ನಾಲ್ಕು ನಿಮಿಷಕ್ಕೆ ನಿಲ್ಲಿಸಿ ಮತ್ತೆ ಚಪ್ಪಾಳೆ ಹೊಡೀತೀನಿ.

ಬೆಳಕಿಗೆ ಪಕ್ಕದ ಕಿಟಕಿ, ಹಿನ್ನೆಲೆಗೆ ಅಜ್ಜಿಯ ಇಳಕಲ್ ಸೀರೆ, ಫೋನಿಗೆ ಅಕ್ಕಿ ಚೀಲವೇ ಸ್ಟ್ಯಾಂಡ್. ಲೋಕಲ್ ಟ್ರೇನ್ ಸದ್ದಿಗೆ ಮಾತ್ರ ಮದ್ದಿಲ್ಲ, ಹೋಗೋವರೆಗೂ ಬಾಯಿ ಮುಚ್ಚಿಕೊಂಡಿರ್ತೀನಿ.